ಮೂರನೇ ಹೊಡೆತ ಮೆತ್ತಗೆ ಯಾಕೆ?

ಪ್ರಶ್ನೆ: ಸರ್, ನಾಲ್ಕು ತಿಂಗಳಿಂದ ಪಿಕಲ್‌ಬಾಲ್ ಡಬಲ್ಸ್ ಆಡ್ತಿದ್ದೀನಿ. ಮೊದಲು ಬ್ಯಾಡ್ಮಿಂಟನ್ ಆಡ್ತಿದ್ದೆ. ಹಿಂದಿನಿಂದ ಎಷ್ಟೇ ಜೋರಾಗಿ ಹೊಡೆದ್ರೂ ಎದುರಿನವರು ನೆಟ್ ಹತ್ತಿರ ನಿಂತು, ಸುಮ್ನೆ ಪ್ಯಾಡಲ್ ಅಡ್ಡ ಹಿಡಿದು ಪಾಯಿಂಟ್ ತಗೋತಾರೆ. ಎಲ್ಲರೂ ‘ಥರ್ಡ್ ಶಾಟ್ ಡ್ರಾಪ್ ಮಾಡು, ಡಿಂಕ್ ಮಾಡು’ ಅಂತಾರೆ. ನಾನು ಮಾಡಿದ್ರೆ ಒಂದೋ ನೆಟ್‌ಗೆ ಬೀಳುತ್ತೆ, ಇಲ್ಲಾ ಮೇಲೆದ್ದು ಸ್ಮ್ಯಾಶ್ ಆಗುತ್ತೆ. ಅಷ್ಟು ಮೆತ್ತಗೆ ಹೊಡೆದ್ರೆ ಪಾಯಿಂಟ್ ಬರೋದಾದ್ರೂ ಹೇಗೆ?

ಉತ್ತರ:

ಡ್ರಾಪ್ ಅಂದರೆ ಹಿಂದಿನಿಂದ ಮೆತ್ತಗೆ ಹೊಡೆದು ಚೆಂಡನ್ನು ನೆಟ್‌ನ ಆಚೆ ಹತ್ತಿರದಲ್ಲೇ ಬೀಳಿಸುವುದು, ಡಿಂಕ್ ಅಂದರೆ ನೆಟ್ ಹತ್ತಿರ ನಿಂತು ಅದನ್ನೇ ಮಾಡುವುದು. ಡ್ರಾಪ್‌ನಿಂದ ನೇರವಾಗಿ ಪಾಯಿಂಟ್ ಬರುವುದು ಅಪರೂಪ. ಡ್ರಾಪ್ ಮಾಡುವುದು ನೀವು ನೆಟ್ ಹತ್ತಿರ ಹೋಗುವುದಕ್ಕೆ. ಇದು ಮನಸ್ಸಿನಲ್ಲಿ ಕೂತರೆ ಅರ್ಧ ಗೊಂದಲ ಕಳೆಯುತ್ತದೆ.

ಸರ್ವ್ ಮಾಡಿದ ಜೋಡಿ ಯಾಕೆ ಹಿಂದೆಯೇ ಉಳಿಯುತ್ತದೆ, ಅಲ್ಲಿಂದ ನೋಡೋಣ. ಸರ್ವ್ ಒಮ್ಮೆ ಪುಟಿದ ಮೇಲೆಯೇ ಎದುರಿನವರು ಅದನ್ನು ಹೊಡೆಯಬೇಕು. ಅವರ ರಿಟರ್ನ್ ಕೂಡ ನಿಮ್ಮ ಕಡೆ ಒಮ್ಮೆ ಪುಟಿಯಲೇಬೇಕು, ನೀವು ಗಾಳಿಯಲ್ಲಿ ಹೊಡೆಯುವ ಹಾಗಿಲ್ಲ. ಹಾಗಾಗಿ ನೀವು ಬೇಸ್‌ಲೈನ್ ಹತ್ತಿರ ಕಾಯಲೇಬೇಕು. ರಿಟರ್ನ್ ಹೊಡೆದವರಿಗೆ ಆ ಕಟ್ಟು ಇಲ್ಲ. ಅವರು ಹೊಡೆದು ಓಡಿ ಬಂದು ನೆಟ್ ಹತ್ತಿರದ ಕಿಚನ್ ಗೆರೆಯ ಹಿಂದೆಯೇ ನಿಲ್ಲುತ್ತಾರೆ, ಅವರ ಜೊತೆಗಾರ ಮೊದಲೇ ಅಲ್ಲಿರುತ್ತಾನೆ. ಅಂದರೆ ಮೂರನೇ ಹೊಡೆತ ನಿಮ್ಮ ಪ್ಯಾಡಲ್‌ಗೆ ಬರುವ ಹೊತ್ತಿಗೆ ಅವರಿಬ್ಬರೂ ನೆಟ್‌ನಿಂದ 7 ಅಡಿ ದೂರದಲ್ಲಿ, ನೀವಿಬ್ಬರೂ 22 ಅಡಿ ದೂರದಲ್ಲಿ. ಆಟದ ನಿಯಮವೇ ಸರ್ವ್ ಮಾಡಿದವರನ್ನು ಹಿಂದೆ ಇಟ್ಟಿದೆ. ಈ 15 ಅಡಿ ಅಂತರವನ್ನು ಪೆಟ್ಟು ತಿನ್ನದೆ ದಾಟುವುದು ಹೇಗೆ ಅನ್ನುವುದೇ ಮೂರನೇ ಹೊಡೆತದ ಪ್ರಶ್ನೆ.

ನೀವು ಜೋರಾಗಿ ಹೊಡೆದಾಗ ಏನಾಗುತ್ತದೆ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದ ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ಅವರ ಹತ್ತಿರ ತಲುಪುತ್ತದೆ. ಅವರು ತಮ್ಮ ಬಲ ಹಾಕಬೇಕಾಗಿಯೇ ಇಲ್ಲ, ನಿಮ್ಮ ಬಲವೇ ಪ್ಯಾಡಲ್‌ಗೆ ಬಡಿದು ವಾಪಸ್ ಬರುತ್ತದೆ. ಅಷ್ಟರಲ್ಲಿ ನೀವು ಒಂದು ಹೆಜ್ಜೆ ಇಟ್ಟಿರುತ್ತೀರಿ, ಎರಡನೆಯದಕ್ಕೆ ಕಾಲು ಎತ್ತಿರುತ್ತೀರಿ. ಚೆಂಡು ಸರಿಯಾಗಿ ಆ ಕಾಲಿನ ಹತ್ತಿರ ಬೀಳುತ್ತದೆ. ‘ಸುಮ್ನೆ ಪ್ಯಾಡಲ್ ಅಡ್ಡ ಹಿಡಿದು’ ಅಂದಿರಲ್ಲ, ಅದು ಇದೇ.

ಈಗ ಅದೇ ಚೆಂಡು ಕಿಚನ್‌ನಲ್ಲಿ ಮೆತ್ತಗೆ ಬೀಳಲಿ. ಕಿಚನ್ ಅಂದರೆ ನೆಟ್‌ನ ಎರಡೂ ಕಡೆ 7 ಅಡಿ ಆಳದ ಜಾಗ. ಅಲ್ಲಿ ನಿಂತು, ಅಥವಾ ಆ ಗೆರೆ ತುಳಿದು ವಾಲಿ ಮಾಡುವಂತಿಲ್ಲ, ಅಂದರೆ ಚೆಂಡು ಪುಟಿಯುವ ಮೊದಲೇ ಗಾಳಿಯಲ್ಲಿ ಹೊಡೆಯುವಂತಿಲ್ಲ. ಗೆರೆಯ ಹೊರಗೆ ವಾಲಿ ಮಾಡಿ ಅದೇ ವೇಗದಲ್ಲಿ ಒಳಗೆ ಕಾಲಿಟ್ಟರೂ ತಪ್ಪು. ಒಳಗೆ ಹೋಗಲೇಬಾರದು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ, ಹಾಗೇನಿಲ್ಲ. ಪುಟಿದ ಚೆಂಡನ್ನು ಒಳಗೆ ಹೋಗಿ ಧಾರಾಳವಾಗಿ ಆಡಬಹುದು. ಅಂದರೆ ನಿಮ್ಮ ಚೆಂಡು ಕಿಚನ್‌ನಲ್ಲಿ ತಗ್ಗಾಗಿ ಬಿದ್ದರೆ ಎದುರಿನವರು ನೆಟ್‌ಗೆ ಅಂಟಿ ನಿಂತು ಅದನ್ನು ಗಾಳಿಯಲ್ಲೇ ಬಡಿಯಲಾರರು. ಪುಟಿಯುವುದಕ್ಕೆ ಬಿಡಬೇಕು, ಇಲ್ಲವೇ ಗೆರೆಯ ಹಿಂದಿನಿಂದ ಮುಂದಕ್ಕೆ ಬಾಗಿ ಕೆಳಗಿಂದ ಎತ್ತಬೇಕು.

ಆ ‘ಕೆಳಗಿಂದ ಎತ್ತಬೇಕು’ ಅನ್ನುವುದರಲ್ಲೇ ಇಡೀ ಗುಟ್ಟಿದೆ. ನೆಟ್ ನಡುವೆ 34 ಇಂಚು, ಪಕ್ಕದ ಗೆರೆಗಳ ಹತ್ತಿರ 36 ಇಂಚು ಎತ್ತರ. ಎದುರಿನವನು ಕಿಚನ್ ಗೆರೆಯಲ್ಲಿ ನಿಂತು, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಅಂದರೆ ಮೊಣಕಾಲಿನ ಮಟ್ಟದಲ್ಲಿ ಚೆಂಡು ಹೊಡೆಯುತ್ತಾನೆ ಅಂತಿಟ್ಟುಕೊಳ್ಳಿ. ಚೆಂಡು 7 ಅಡಿ ಹೋಗುವಷ್ಟರಲ್ಲಿ ಒಂದೂವರೆ ಅಡಿ ಮೇಲೇರಿ ನೆಟ್ ದಾಟಬೇಕು. ಆಮೇಲೆ ಇಳಿದು ನಿಮ್ಮ ಬೇಸ್‌ಲೈನ್ ಒಳಗೆ ಬೀಳಬೇಕು. ಗಾಳಿಯ ತಡೆ ಮತ್ತು ಸ್ಪಿನ್ ಬದಿಗಿಟ್ಟು ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 40 ಕಿ.ಮೀ.ಗಿಂತ ಜೋರಾಗಿ ಹೊಡೆದ ಚೆಂಡು ಔಟ್. ಗಾಳಿಯ ತಡೆ, ಟಾಪ್‌ಸ್ಪಿನ್ ಸೇರಿಸಿದರೆ ಈ ಮಿತಿ ಸ್ವಲ್ಪ ಮೇಲೆ ಹೋಗುತ್ತದೆ, ಆದರೆ ಮಿತಿ ಅಂತೂ ಇದ್ದೇ ಇದೆ. ಅದೇ ಮನುಷ್ಯನಿಗೆ ಎದೆಯ ಎತ್ತರದಲ್ಲಿ ಚೆಂಡು ಸಿಕ್ಕರೆ ಮಿತಿಯೇ ಇಲ್ಲ. ಕೆಳಮುಖವಾಗಿ ಎಷ್ಟು ಜೋರಾಗಿ ಬೇಕಾದರೂ ಹೊಡೆಯಬಹುದು. ಹೀಗೆ ಮೆತ್ತಗಿನ ಹೊಡೆತ ಎದುರಿನವರ ತೋಳಿನ ಶಕ್ತಿಯನ್ನೇ ಆಟದಿಂದ ಹೊರಗಿಡುತ್ತದೆ.

ಎರಡನೇ ಲಾಭ ಸಮಯದ್ದು. ಬೇಸ್‌ಲೈನ್‌ನಿಂದ ಹೊಡೆದ ಒಳ್ಳೆಯ ಡ್ರಾಪ್ ನೆಲ ಮುಟ್ಟುವುದಕ್ಕೆ ಒಂದು ಸೆಕೆಂಡಿಗೂ ತುಸು ಜಾಸ್ತಿ ತಗೊಳ್ಳುತ್ತದೆ. ಡ್ರೈವ್‌ಗೆ, ಅಂದರೆ ಜೋರಾಗಿ ನೇರಕ್ಕೆ ಹೊಡೆಯುವ ಹೊಡೆತಕ್ಕೆ ಹೋಲಿಸಿದರೆ ಎರಡರಷ್ಟು. ಆ ಹೊತ್ತಿನಲ್ಲಿ ನೀವು ಮೂರು ನಾಲ್ಕು ಹೆಜ್ಜೆ ಮುಂದೆ ಬಂದಿರುತ್ತೀರಿ.

ಇನ್ನು ನಿಮ್ಮ ಡ್ರಾಪ್ ಯಾಕೆ ಕೆಡುತ್ತಿದೆ ಅನ್ನುವುದಕ್ಕೆ ಬರೋಣ. ಬ್ಯಾಡ್ಮಿಂಟನ್ ಅಂದಿರಿ, ಅದರಿಂದ ನನಗೆ ಅಂದಾಜು ಸಿಕ್ಕಿತು. ಬ್ಯಾಡ್ಮಿಂಟನ್‌ನಿಂದ ಬಂದವರಿಗೆ ಮಣಿಕಟ್ಟು ಬಹಳ ಚುರುಕು. ಶಟಲ್ ಹಗುರ, ಗಾಳಿಯಲ್ಲಿ ಬೇಗ ನಿಧಾನವಾಗುತ್ತದೆ, ಅಲ್ಲಿ ಮಣಿಕಟ್ಟಿನ ಕೊನೆಯ ಝಾಡಿಕೆ ಬೇಕೇ ಬೇಕು. ಇಲ್ಲಿ ಅದೇ ಝಾಡಿಕೆ ಕೈಕೊಡುತ್ತದೆ. ಮಣಿಕಟ್ಟು ಮಡಚಿದ ಕ್ಷಣ ಪ್ಯಾಡಲ್‌ನ ಮುಖದ ಕೋನ ಬದಲಾಗುತ್ತದೆ. ಕೂದಲೆಳೆಯಷ್ಟು ಮುಂಚೆ ತಾಗಿದರೆ ಚೆಂಡು ಮೇಲೆ, ಕೂದಲೆಳೆಯಷ್ಟು ತಡವಾದರೆ ನೆಟ್‌ಗೆ. ಒಂದು ಸಲ ನೆಟ್, ಇನ್ನೊಂದು ಸಲ ಮೇಲೆ ಅಂತ ನೀವು ಬರೆದಿದ್ದೀರಲ್ಲ, ಎರಡೂ ಒಂದೇ ಕಾಯಿಲೆಯ ಗುರುತು. ಯಾವಾಗಲೂ ನೆಟ್‌ಗೇ ಬೀಳುತ್ತಿದ್ದರೆ ನಾನು ಬೇರೆ ಕಾರಣ ಹುಡುಕುತ್ತಿದ್ದೆ.

ಹಾಗಾದರೆ ಏನು ಮಾಡಬೇಕು? ಪ್ಯಾಡಲ್ ಹಿಡಿತ ಸಡಿಲ ಇರಲಿ. ಗಟ್ಟಿಯಾಗಿ ಹಿಂಡಿ ಹಿಡಿಯುವುದು ಹತ್ತು ಅಂದುಕೊಂಡರೆ ಮೂರು ಅಥವಾ ನಾಲ್ಕು ಸಾಕು. ಮಣಿಕಟ್ಟನ್ನು ಒಂದು ಕೋನದಲ್ಲಿ ಇಟ್ಟು ಅಲ್ಲೇ ಬಿಡಿ. ಚಲನೆ ಭುಜದಿಂದ ಬರಲಿ, ತುಂಬಿದ ಬಿಂದಿಗೆಯನ್ನು ತುಳುಕಿಸದೆ ಮುಂದಕ್ಕೆ ಸರಿಸುವ ಹಾಗೆ. ಪ್ಯಾಡಲ್ ಹಿಂದಕ್ಕೆ ಜಾಸ್ತಿ ಹೋಗಬಾರದು. ಕಣ್ಣಂಚಿನಲ್ಲಿ ಅದು ಕಾಣದೆ ಹೋಯಿತು ಅಂದರೆ ತುಂಬಾ ಹಿಂದೆ ಹೋಗಿದೆ ಅಂತಲೇ ಅರ್ಥ. ಮೊಣಕಾಲು ಬಗ್ಗಿಸಿ ಚೆಂಡಿನ ಮಟ್ಟಕ್ಕೆ ಇಳಿಯಿರಿ, ದೇಹದ ಮುಂದೆ ಹೊಡೆಯಿರಿ. ಹೊಡೆದ ಮೇಲೆ ಪ್ಯಾಡಲ್ ನೀವು ಗುರಿ ಇಟ್ಟ ಕಡೆ ಚಾಚಿಕೊಂಡಿರಬೇಕು. ಹೆಗಲ ಮೇಲೆ ಸುತ್ತಿಕೊಂಡಿದ್ದರೆ ಅದು ಅರ್ಧ ಡ್ರೈವ್ ಆಗಿಬಿಟ್ಟಿದೆ.

ಹೊಡೆಯುವ ಕ್ಷಣಕ್ಕೆ ಕಾಲು ನಿಂತಿರಬೇಕು. ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ‘ಡ್ರಾಪ್ ಮಾಡಿ ಮುಂದೆ ಓಡು’ ಅಂತ ಕೇಳಿದವರು ಓಡುತ್ತಲೇ ಡ್ರಾಪ್ ಮಾಡುತ್ತಾರೆ. ಓಡುವ ದೇಹದ ವೇಗವೂ ಚೆಂಡಿಗೆ ಸೇರಿಕೊಂಡು ಅದು ಉದ್ದ ಹೋಗುತ್ತದೆ. ಮೊದಲು ಹೊಡೆತ ಮುಗಿಸಿ, ಆಮೇಲೆ ಹೆಜ್ಜೆ.

ಗುರಿ ಎಲ್ಲಿಡಬೇಕು? ಹೆಚ್ಚಿನವರು ಚೆಂಡು ಬೀಳುವ ಜಾಗ ನೋಡುತ್ತಾರೆ. ನಾನು ಅದರ ಬದಲು ಚೆಂಡಿನ ಶಿಖರ ನೋಡಲು ಹೇಳುತ್ತೇನೆ. ಚೆಂಡು ತನ್ನ ಅತಿ ಎತ್ತರವನ್ನು ನಿಮ್ಮ ಕಡೆಯ ಕೋರ್ಟಿನಲ್ಲೇ ಮುಟ್ಟಬೇಕು. ಬೇಸ್‌ಲೈನ್‌ನಿಂದ ಹೊಡೆದಾಗ ಬೇಸ್‌ಲೈನ್ ಮತ್ತು ನೆಟ್‌ನ ಹೆಚ್ಚುಕಡಿಮೆ ನಡುವೆ, ನಿಮ್ಮ ತಲೆಗಿಂತ ತುಸು ಮೇಲೆ, ಆರೂವರೆ ಏಳು ಅಡಿಯಷ್ಟು. ಆಗ ನೆಟ್ ದಾಟುವಾಗ ಅದು ಇಳಿಯುತ್ತಿರುತ್ತದೆ. ಶಿಖರ ನೆಟ್‌ನ ಮೇಲೇ ಬಂದರೆ, ಅಥವಾ ನೆಟ್ ದಾಟಿದ ಮೇಲೆ ಬಂದರೆ, ಎದುರಿನವರ ಪ್ಯಾಡಲ್‌ಗೆ ಚೆಂಡು ಭುಜದ ಮಟ್ಟದಲ್ಲಿ ಸಿಗುತ್ತದೆ.

ಏಳು ಅಡಿಗಿಂತ ಮೇಲೆ ಹೋದರೆ ಏನು ತೊಂದರೆ ಅನ್ನಬಹುದು. ಚೆಂಡಿನ ಗುಣ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಅಧಿಕೃತ ಚೆಂಡನ್ನು 78 ಇಂಚು ಎತ್ತರದಿಂದ ಗ್ರಾನೈಟ್ ಮೇಲೆ ಬಿಟ್ಟು ಪರೀಕ್ಷೆ ಮಾಡುತ್ತಾರೆ, ಅದು 30ರಿಂದ 34 ಇಂಚಿನವರೆಗೆ ಪುಟಿಯಬೇಕು. ಅಂದರೆ ಬಿದ್ದ ಎತ್ತರದ ಐದರಲ್ಲಿ ಎರಡು ಪಾಲು. 7 ಅಡಿಯಿಂದ ಇಳಿದ ಚೆಂಡು ಪುಟಿದು ನೆಟ್‌ನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಎತ್ತರದಿಂದ ಇಳಿದರೆ ಪುಟಿದ ಮೇಲೂ ನೆಟ್‌ಗಿಂತ ಮೇಲೆ ಸಿಗುತ್ತದೆ. ಆಗ ಚೆಂಡು ಕಿಚನ್‌ನಲ್ಲೇ ಬಿದ್ದಿದ್ದರೂ ಅವರು ಕಾದು ನಿಂತು ಬಡಿಯಬಹುದು. ‘ಕಿಚನ್‌ನಲ್ಲೇ ಬಿತ್ತಲ್ಲ, ಆದರೂ ಹೊಡೆದರು’ ಅಂತ ಬೇಸರ ಮಾಡಿಕೊಳ್ಳುವವರಿಗೆ ಉತ್ತರ ಇಲ್ಲಿದೆ.

ಇನ್ನು, ನೆಟ್‌ಗೆ ಬೀಳುವುದಕ್ಕಿಂತ ಒಂದು ಗೇಣು ಮೇಲೆ ಹೋಗುವುದೇ ವಾಸಿ. ನೆಟ್‌ಗೆ ಬಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಸ್ವಲ್ಪ ಮೇಲೆ ಹೋದರೆ ಅವರು ಇನ್ನೂ ಅದನ್ನು ಸರಿಯಾಗಿ ಹೊಡೆಯಬೇಕು, ನಿಮಗೆ ಇನ್ನೊಂದು ಅವಕಾಶ ಉಳಿಯುತ್ತದೆ.

ಈಗ ಒಂದು ರ‍್ಯಾಲಿಯನ್ನು ಪೂರ್ತಿ ನೋಡೋಣ. ನಾನು ಕಲಿಸುವಾಗ ಇದನ್ನು ಹೊಡೆತ ಹೊಡೆತವಾಗಿ ಎಣಿಸುತ್ತೇನೆ. ಸರ್ವ್ ಮಾಡಿದ ಜೋಡಿಯ ಹೊಡೆತಗಳೆಲ್ಲ ಬೆಸ ಸಂಖ್ಯೆ, ಎದುರಿನವರದು ಸಮ ಸಂಖ್ಯೆ.

ಒಂದು, ನಿಮ್ಮ ಸರ್ವ್. ಎರಡು, ಅವರ ರಿಟರ್ನ್, ಆಳವಾಗಿ, ನಿಮ್ಮ ಬೇಸ್‌ಲೈನ್‌ಗಿಂತ ಎರಡು ಅಡಿ ಒಳಗೆ ಬೀಳುತ್ತದೆ. ನೀವು ಹಿಂದೆ ಸರಿದು ಮೂರನೆಯದನ್ನು ಡ್ರಾಪ್ ಮಾಡುತ್ತೀರಿ. ಅದು ಸ್ವಲ್ಪ ಮೇಲಾಗಿ ಹೋಯಿತು, ನೆಟ್‌ಗಿಂತ ಎರಡು ಅಡಿ ಎತ್ತರ. ನೀವಿಬ್ಬರೂ ಮುಂದೆ ಹೊರಟಿದ್ದೀರಿ. ಈಗ ನೋಡಬೇಕಾದದ್ದು ಚೆಂಡನ್ನಲ್ಲ, ಎದುರಿನವನ ಪ್ಯಾಡಲ್‌ ಅನ್ನು. ಪ್ಯಾಡಲ್ ಮೊಣಕಾಲಿನ ಕಡೆ ಇಳಿದರೆ ಅವನು ಎತ್ತಿ ಆಡುತ್ತಾನೆ, ನೀವು ನಡೆಯುತ್ತಲೇ ಇರಿ. ಪ್ಯಾಡಲ್ ಸೊಂಟದ ಮೇಲೆ ಎದ್ದರೆ ಅವನು ಹೊಡೆಯುತ್ತಾನೆ, ಇದ್ದಲ್ಲೇ ನಿಲ್ಲಿ. ಎರಡೂ ಕಾಲು ನೆಲಕ್ಕೆ ಊರಿ, ಮೊಣಕಾಲು ಬಗ್ಗಿಸಿ, ಪ್ಯಾಡಲ್ ತಗ್ಗಿಗೆ ತನ್ನಿ. ಇದೇ ಸ್ಪ್ಲಿಟ್ ಸ್ಟೆಪ್. ಈ ರ‍್ಯಾಲಿಯಲ್ಲಿ ಪ್ಯಾಡಲ್ ಎದ್ದಿತು. ನೀವು ಕೋರ್ಟಿನ ನಡುವೆ, ಬೇಸ್‌ಲೈನ್‌ನಿಂದ ಏಳೆಂಟು ಅಡಿ ಮುಂದೆ ನಿಂತಿರಿ.

ನಾಲ್ಕು, ಅವನು ನಿಮ್ಮ ಕಾಲಿನ ಕಡೆ ತಳ್ಳುತ್ತಾನೆ. ನೀವು ನಿಂತಿದ್ದೀರಿ, ಹಾಗಾಗಿ ಅದು ನಿಮ್ಮ ಮುಂದೆ ಬೀಳುತ್ತದೆ. ಓಡುತ್ತಿದ್ದರೆ ಕಾಲಿನ ನಡುವೆ ಬೀಳುತ್ತಿತ್ತು. ಐದು, ನೀವು ಮತ್ತೆ ಡ್ರಾಪ್ ಮಾಡುತ್ತೀರಿ. ದೂರ ಕಡಿಮೆ, ಕೈ ಚಲನೆಯೂ ಚಿಕ್ಕದು. ಈ ಸಲ ಅದು ನೆಟ್ ದಾಟಿ ಮೂರು ಅಡಿಯಲ್ಲಿ ಬಿತ್ತು. ಅವನ ಪ್ಯಾಡಲ್ ಕೆಳಗಿಳಿಯಿತು. ನೀವಿಬ್ಬರೂ ಒಟ್ಟಿಗೆ ಗೆರೆಯವರೆಗೆ ನಡೆದಿರಿ. ಈಗ ನಾಲ್ಕೂ ಜನ ಗೆರೆಯ ಹತ್ತಿರ, ಸರ್ವ್ ಮಾಡಿದವರ ಅನನುಕೂಲ ಮುಗಿಯಿತು. ಮೂರನೆಯದು ಕೆಟ್ಟರೂ ಐದನೆಯದು ಕೆಲಸ ಮಾಡಿತು, ಗಮನಿಸಿದಿರಾ? ಒಂದೇ ಹೊಡೆತದಲ್ಲಿ ಮುಂದೆ ಬರಬೇಕು ಅಂತ ಯಾವ ನಿಯಮವೂ ಇಲ್ಲ.

ಆರು, ಅವನು ಕಿಚನ್‌ಗೆ ಅಡ್ಡಕ್ಕೆ ಡಿಂಕ್ ಮಾಡುತ್ತಾನೆ. ಏಳು, ನೀವೂ ಅಡ್ಡಕ್ಕೆ. ಅಡ್ಡಕ್ಕೆ ಆಡುವುದಕ್ಕೆ ಕಾರಣ ಇದೆ. ನೇರವಾಗಿ ಆಡಿದರೆ ಎರಡೂ ಕಿಚನ್ ಸೇರಿ ಸಿಗುವ ಉದ್ದ 14 ಅಡಿ. ಮೂಲೆಯಿಂದ ಮೂಲೆಗೆ ಅಳೆದರೆ 24 ಅಡಿ ದಾಟುತ್ತದೆ. ಜೊತೆಗೆ ಚೆಂಡು ದಾಟುವುದು ನೆಟ್‌ನ ನಡುವೆ, ಅಲ್ಲಿ ಅದು ಎರಡು ಇಂಚು ತಗ್ಗು. ತಪ್ಪಿಗೆ ಜಾಗ ಜಾಸ್ತಿ. ಎಂಟು, ಒಂಬತ್ತು, ಹತ್ತು ಹೀಗೇ ನಡೆಯುತ್ತವೆ.

ಹನ್ನೊಂದನೆಯದನ್ನು ನೀವು ಪಕ್ಕದ ಗೆರೆಯ ಕಡೆಗೆ ತುಸು ಸರಿಸಿ ಇಡುತ್ತೀರಿ. ಜೋರಾಗಿ ಏನಿಲ್ಲ, ಅವನ ಬ್ಯಾಕ್‌ಹ್ಯಾಂಡ್‌ನಿಂದ ಒಂದು ಹೆಜ್ಜೆ ಆಚೆ. ಅವನು ಕಾಲು ಸರಿಸುವ ಬದಲು ಕೈ ಚಾಚುತ್ತಾನೆ. ಕೈ ಚಾಚಿದಾಗ ಪ್ಯಾಡಲ್‌ನ ಮುಖ ಮೇಲಕ್ಕೆ ತೆರೆದುಕೊಳ್ಳುತ್ತದೆ. ಹನ್ನೆರಡು, ಚೆಂಡು ಎದೆಯೆತ್ತರಕ್ಕೆ ಎದ್ದು ನಡುವೆ ಬರುತ್ತದೆ. ಹದಿಮೂರು, ನಿಮ್ಮ ಜೊತೆಗಾರ ಅದನ್ನು ಅವರಿಬ್ಬರ ನಡುವೆ, ಕಾಲಿನ ಹತ್ತಿರ ಕೆಳಕ್ಕೆ ಹೊಡೆದು ಮುಗಿಸುತ್ತಾನೆ.

ಐದು ಮೆತ್ತಗಿನ ಹೊಡೆತ, ಒಂದು ಜೋರಿನದು. ‘ಮೆತ್ತಗೆ ಹೊಡೆದ್ರೆ ಪಾಯಿಂಟ್ ಹೇಗೆ’ ಅಂದಿರಲ್ಲ, ಹೀಗೆ. ನಿಮ್ಮ ತೋಳಿನ ಶಕ್ತಿ ಖಂಡಿತ ಬೇಕು, ಆದರೆ ಹದಿಮೂರನೆಯದಕ್ಕೆ.

ಡಿಂಕ್ ಆಡುವಾಗ ಜನ ಕೆಡಿಸಿಕೊಳ್ಳುವುದು ಎರಡು ಕಡೆ. ಮೊದಲನೆಯದು ಅವಸರ. ಮೊಣಕಾಲಿನ ಮಟ್ಟದ ಚೆಂಡನ್ನು ಬೇಸರವಾಗಿ ಜೋರಾಗಿ ಹೊಡೆದುಬಿಡುತ್ತಾರೆ. ಮೇಲೆ ಹೇಳಿದ ಲೆಕ್ಕ ಆಗ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ, ಚೆಂಡು ಔಟ್ ಆಗುತ್ತದೆ ಇಲ್ಲವೇ ಮೇಲೆದ್ದು ಅವರಿಗೆ ಸಿಗುತ್ತದೆ. ನಾನು ಇಟ್ಟುಕೊಂಡಿರುವ ನಿಯಮ ಸರಳ. ನಾನು ಹೊಡೆಯುವ ಜಾಗ ನೆಟ್‌ಗಿಂತ ಕೆಳಗಿದ್ದರೆ ಡಿಂಕ್, ಸ್ಪಷ್ಟವಾಗಿ ಮೇಲಿದ್ದರೆ ಹೊಡೆತ. ಎರಡನೆಯದು, ಗೆರೆಯಿಂದ ಹಿಂದೆ ಸರಿದುಬಿಡುವುದು. ಪ್ರತಿ ಡಿಂಕ್‌ಗೂ ಅರ್ಧ ಹೆಜ್ಜೆ ಹಿಂದೆ ಹೋಗುತ್ತಾ ಹೋದರೆ, ನಾಲ್ಕು ಡಿಂಕ್ ಆಗುವಷ್ಟರಲ್ಲಿ ನಿಮ್ಮ ಕಾಲಿನ ಮುಂದೆ ದೊಡ್ಡ ಜಾಗ ಬಿದ್ದಿರುತ್ತದೆ. ಅವರು ಅಲ್ಲಿಗೇ ಹಾಕುತ್ತಾರೆ. ಪುಟಿದ ಚೆಂಡಿಗೆ ಒಂದು ಕಾಲು ಕಿಚನ್ ಒಳಗಿಡಿ, ಆಡಿ, ತಕ್ಷಣ ಎರಡೂ ಕಾಲು ಗೆರೆಯಾಚೆ ತನ್ನಿ. ಒಳಗಿದ್ದಾಗ ಮುಂದಿನ ಚೆಂಡು ವಾಲಿಗೆ ಬಂದರೆ ಏನೂ ಮಾಡಲಾಗದು.

ಹಾಗಂತ ಪ್ರತಿ ಮೂರನೇ ಹೊಡೆತವೂ ಡ್ರಾಪ್ ಆಗಬೇಕಿಲ್ಲ. ರಿಟರ್ನ್ ಚಿಕ್ಕದಾಗಿ ಬಿದ್ದು ಎತ್ತರಕ್ಕೆ ಪುಟಿದರೆ ಡ್ರೈವ್ ಮಾಡಿ, ನೀವು ಹೇಗೂ ಮುಂದಿದ್ದೀರಿ. ಒಳ್ಳೆಯ ಆಟಗಾರರೂ ಮೂರನೆಯದನ್ನು ಡ್ರೈವ್ ಮಾಡಿ, ಎದುರಿನವರು ಪ್ಯಾಡಲ್ ಅಡ್ಡ ಹಿಡಿದು ಮಾಡಿದ ಬ್ಲಾಕ್ ಚಿಕ್ಕದಾಗಿ ಬಂದಾಗ ಐದನೆಯದನ್ನು ಡ್ರಾಪ್ ಮಾಡುತ್ತಾರೆ. ನಿಮಗಿರುವ ಬಲಕ್ಕೆ ಈ ದಾರಿ ಚೆನ್ನಾಗಿ ಹೊಂದುತ್ತದೆ. ರಿಟರ್ನ್ ಮಾಡಿದವನು ಹಿಂದೆಯೇ ಉಳಿದಿದ್ದರೆ ಅವನ ಮುಂದೆ ಡ್ರಾಪ್ ಹಾಕಿ ನೀವೇ ಮುಂದೆ ಕರೆಯಬೇಡಿ, ಅವನ ಕಡೆಗೆ ಆಳವಾಗಿ ಹೊಡೆದು ಅಲ್ಲೇ ಇರಿಸಿ. ಹಿಂದಿನಿಂದ ಜೋರು ಗಾಳಿ ಬೀಸುತ್ತಿದ್ದರೆ ಶಿಖರವನ್ನು ಇನ್ನಷ್ಟು ನಿಮ್ಮ ಹತ್ತಿರ ತನ್ನಿ. ತೂತುಗಳಿರುವ ಹಗುರ ಚೆಂಡು, ಗಾಳಿ ಅದನ್ನು ಸುಲಭವಾಗಿ ಹೊತ್ತೊಯ್ಯುತ್ತದೆ.

ಅಭ್ಯಾಸ ಬೇಸ್‌ಲೈನ್‌ನಿಂದ ಶುರು ಮಾಡಬೇಡಿ. ಒಬ್ಬರನ್ನು ಎದುರಿನ ಕಿಚನ್ ಗೆರೆಯಲ್ಲಿ ನಿಲ್ಲಿಸಿ, ನೀವೂ ಗೆರೆಯಲ್ಲಿ ನಿಂತು ಡಿಂಕ್ ಮಾಡಿ. ಹತ್ತರಲ್ಲಿ ಏಳು ಸರಿಯಾದರೆ ಒಂದು ದೊಡ್ಡ ಹೆಜ್ಜೆ ಹಿಂದೆ ಬನ್ನಿ. ಅಲ್ಲೂ ಏಳು ಆದರೆ ಇನ್ನೊಂದು ಹೆಜ್ಜೆ. ಕೆಡುವುದಕ್ಕೆ ಶುರುವಾದರೆ ಒಂದು ಹೆಜ್ಜೆ ಮುಂದೆ ಹೋಗಿ. ಡ್ರಾಪ್ ಅಂದರೆ ದೂರದಿಂದ ಆಡುವ ಡಿಂಕ್ ಅಷ್ಟೇ ಅಂತ ಕೈಗೆ ಗೊತ್ತಾಗುವುದು ಹೀಗೆ. ಐದಾರು ಹೆಜ್ಜೆ ಹಿಂದೆ ಬಂದಾಗ ಮಣಿಕಟ್ಟಿನ ಹಳೆಯ ಚಾಳಿ ಮತ್ತೆ ಎದ್ದು ಬರುತ್ತದೆ, ಯಾಕೆಂದರೆ ದೂರ ಜಾಸ್ತಿಯಾಯಿತು, ಬಲ ಬೇಕು ಅನ್ನಿಸುತ್ತದೆ. ಆಗ ಬಲವನ್ನು ಮೊಣಕಾಲಿನಿಂದ ತನ್ನಿ, ಬಗ್ಗಿದ ಕಾಲನ್ನು ತುಸು ನೇರ ಮಾಡುತ್ತಾ ಭುಜದಿಂದ ಎತ್ತಿ. ಎದುರಿಗೆ ನಿಂತವರಿಗೆ ಒಂದು ಕೆಲಸ ಕೊಡಿ: ಪ್ರತಿ ಚೆಂಡನ್ನು ನೆಟ್‌ಗಿಂತ ಮೇಲೆ ಹೊಡೆದರೋ ಕೆಳಗೆ ಹೊಡೆದರೋ, ‘ಮೇಲೆ’ ‘ಕೆಳಗೆ’ ಅಂತ ಕೂಗಿ ಹೇಳಲಿ. ಚೆಂಡು ಕಿಚನ್‌ನಲ್ಲಿ ಬಿತ್ತೋ ಇಲ್ಲವೋ ಅಂತ ಎಣಿಸಬೇಡಿ, ‘ಕೆಳಗೆ’ ಎಷ್ಟು ಸಲ ಕೇಳಿಸಿತು ಅಂತ ಎಣಿಸಿ.